ಸಂಜೆ ಆರರ ಕ್ಯಾಂಡಲ್

ಅಮೆರಿಕದ ಹಣದುಬ್ಬರದ ಅಂಕಿ, ಅಂದರೆ ಸಿಪಿಐ, ಅಲ್ಲಿನ ಬೆಳಿಗ್ಗೆ ಎಂಟೂವರೆಗೆ ಹೊರಬೀಳುತ್ತದೆ. ನಮ್ಮಲ್ಲಿ ಆಗ ಸಂಜೆ ಆರು. ಅಲ್ಲಿ ಚಳಿಗಾಲದ ಗಡಿಯಾರ ಬಂದರೆ ಏಳು. ಎಂಸಿಎಕ್ಸ್‌ನಲ್ಲಿ ಚಿನ್ನ, ಬೆಳ್ಳಿ ವಹಿವಾಟು ಮಾಡುವವರು ಆ ಹೊತ್ತಿಗೆ ಪರದೆ ಬಿಟ್ಟು ಏಳುವುದಿಲ್ಲ.

ಅಂಕಿ ಬರುವ ಮುನ್ನ ದೊಡ್ಡ ವಹಿವಾಟುದಾರರು ತಮ್ಮ ಆರ್ಡರ್‌ಗಳನ್ನು ಹಿಂದಕ್ಕೆ ಪಡೆಯುತ್ತಾರೆ. ಯಾವ ಕಡೆ ಹೊಡೆತ ಬೀಳುತ್ತದೋ ತಿಳಿಯದೆ ಯಾರೂ ಬೆಲೆ ಕೊಟ್ಟು ಕೂರುವುದಿಲ್ಲ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರ ಹಿಗ್ಗುತ್ತದೆ. ಆಗ ಕಂಪ್ಯೂಟರ್‌ಗಳು ಮೊದಲ ಸಂಖ್ಯೆಯನ್ನಷ್ಟೇ ಓದಿ ಆರ್ಡರ್ ಹಾಕಿದರೆ, ತಡೆಯುವವರಿಲ್ಲದ ಬೆಲೆ ಕ್ಷಣದಲ್ಲಿ ಎಲ್ಲಿಗೋ ಹೋಗುತ್ತದೆ. ದಾರಿಯಲ್ಲಿದ್ದ ಸ್ಟಾಪ್‌ಲಾಸ್‌ಗಳೂ ಮಾರ್ಕೆಟ್ ಆರ್ಡರ್‌ಗಳಾಗಿ ಅದೇ ದಿಕ್ಕಿಗೆ ತಳ್ಳುತ್ತವೆ. ನೀವು ಬರೆದಿಟ್ಟ ಸ್ಟಾಪ್ ಬೆಲೆಯೇ ಸಿಗುತ್ತದೆಂಬ ಭರವಸೆ ಆಗ ಇರುವುದಿಲ್ಲ. ಉದ್ದ ಬಾಲದ ಕ್ಯಾಂಡಲ್ ಮೂಡುವುದು ಹೀಗೆ. ಅದರಲ್ಲಿ ಅಭಿಪ್ರಾಯಕ್ಕಿಂತ ಗಾಬರಿಯೇ ಹೆಚ್ಚು.

2022ರ ಅಕ್ಟೋಬರ್ 13ನ್ನು ನೋಡಿ. ವಾರ್ಷಿಕ ಹಣದುಬ್ಬರ ಶೇ 8.1 ಇರಬಹುದೆಂಬ ನಿರೀಕ್ಷೆಯಿತ್ತು, ಬಂದದ್ದು 8.2. ಆಹಾರ, ಇಂಧನ ಬಿಟ್ಟ ಲೆಕ್ಕವೂ ನಿರೀಕ್ಷೆಗಿಂತ ಹೆಚ್ಚಿತ್ತು. ಕೆಟ್ಟ ಸುದ್ದಿಯೇ. ಫ್ಯೂಚರ್ಸ್ ಕೂಡಲೇ ಕುಸಿಯಿತು. ಹಿಂದಿನ ದಿನ 3577ರಲ್ಲಿ ಮುಗಿದಿದ್ದ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಆರಂಭದ ವಹಿವಾಟಿನಲ್ಲಿ 3492ರವರೆಗೆ ಇಳಿಯಿತು. ಆದರೆ ಅದಕ್ಕೂ ಮೊದಲೇ ಹಲವು ದಿನ ಪೇಟೆ ಬಿದ್ದಿತ್ತು, ಮಾರಬೇಕೆಂದಿದ್ದವರಲ್ಲಿ ಅನೇಕರು ಮಾರಿಯಾಗಿತ್ತು. ಹೊಸದಾಗಿ ಮಾರುವವರು ಸಿಗದಾಗ ಶಾರ್ಟ್ ಮಾಡಿದ್ದವರು ಕೊಳ್ಳತೊಡಗಿದರು. ದಿನದ ಕೊನೆಗೆ ಸೂಚ್ಯಂಕ 3670!

ಸುದ್ದಿಯನ್ನು ಸರಿಯಾಗಿ ಓದಿ, ತಳದ ಹತ್ತಿರ ಶಾರ್ಟ್ ಮಾಡಿದವನೂ ಅಂದು ಸೋತ. ಕಾದವನಿಗೆ ಕಂಡ ಗುರುತು ಒಂದೇ: ಕೆಟ್ಟ ಸುದ್ದಿ ಬಂದರೂ ಬೆಲೆ ಕೆಳಗೆ ನಿಲ್ಲದೆ, ಸುದ್ದಿಗೂ ಮುಂಚಿನ ಮಟ್ಟವನ್ನು ಮತ್ತೆ ದಾಟಿತು. 3577 ದಾಟಿದ ಮೇಲೂ ತೊಂಬತ್ತಕ್ಕೂ ಹೆಚ್ಚು ಅಂಶಗಳ ಏರಿಕೆ ಬಾಕಿಯಿತ್ತು. ಅದಕ್ಕೇ ಕೆಲವರು ಮೊದಲ ಹದಿನೈದು ನಿಮಿಷದ ಕ್ಯಾಂಡಲ್‌ನ ತುದಿ, ಬುಡ ಎರಡಕ್ಕೂ ಗೆರೆ ಎಳೆದು ಸುಮ್ಮನಿರುತ್ತಾರೆ. ಅಂತರ ಮಾಮೂಲಿಗೆ ಬಂದು, ಮುಂದಿನ ಕ್ಯಾಂಡಲ್ ಯಾವುದಾದರೂ ಗೆರೆಯಾಚೆ ಮುಗಿದರೆ ಮಾತ್ರ ಆ ಕಡೆ ಹೋಗುತ್ತಾರೆ. ಸ್ಟಾಪ್ ದೂರವಾಗುವುದರಿಂದ ಪ್ರಮಾಣವನ್ನು ಇಳಿಸಲೇಬೇಕು. ಇದನ್ನು ಮರೆತರೆ ಕಾದದ್ದೂ ದಂಡ.

ಪ್ರತಿಸಲವೂ ಬೆಲೆ ತಿರುಗುವುದಿಲ್ಲ. ಮರುತಿಂಗಳು, ನವೆಂಬರ್ 10ರಂದು, 7.9ರ ನಿರೀಕ್ಷೆಗೆ 7.7 ಬಂತು. ಸೂಚ್ಯಂಕ ಸುಮಾರು ಶೇ 3ರಷ್ಟು ಮೇಲೆಯೇ ತೆರೆದು, ಹಿಂದಿನ ದಿನದ ಮಟ್ಟದ ಹತ್ತಿರಕ್ಕೂ ಬಾರದೆ ಶೇ 5.5 ಏರಿಕೆಯಲ್ಲಿ ಮುಗಿಯಿತು. ಕಾದವರಿಗೆ ಅಂದು ಓಟದ ಮೊದಲರ್ಧ ಕೈತಪ್ಪಿತು, ಉಳಿದರ್ಧ ಸಿಕ್ಕಿತು.