ತಾಯಿ ಕಾಯುವುದು ಏನನ್ನು?

ಶ್ರೀಲಂಕಾದಲ್ಲಿ ಪಿರಿತ್ ಪಠಣ ನಡೆಯುವಾಗ ಕೇಳಿಬರುವ ಪಾಳಿ ಸೂತ್ರಗಳಲ್ಲಿ ಕರಣೀಯ ಮೆತ್ತ ಸುತ್ತವೂ ಒಂದು. ಸುತ್ತನಿಪಾತದಲ್ಲಿರುವ ಇದು ಬರೀ 10 ಗಾಥೆಗಳಷ್ಟು ಚಿಕ್ಕದು. ಬೆಂಗಳೂರಿನಲ್ಲಿ 1956ರಲ್ಲಿ ಮಹಾಬೋಧಿ ಸೊಸೈಟಿಯನ್ನು ಕಟ್ಟಿದ ಆಚಾರ್ಯ ಬುದ್ಧರಕ್ಖಿತರು ಇದರ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಏಳನೆಯ ಗಾಥೆಯಲ್ಲಿ ಒಬ್ಬ ತಾಯಿ ಬರುತ್ತಾಳೆ. ಇರುವ ಒಬ್ಬನೇ ಮಗನನ್ನು ಪ್ರಾಣ ಪಣವಿಟ್ಟು ಕಾಯುವವಳು. ಎಲ್ಲ ಜೀವಿಗಳನ್ನೂ ಹೆತ್ತ ಮಗನಂತೆ ಪ್ರೀತಿಸಬೇಕು ಎಂಬುದೇ ಈ ಹೋಲಿಕೆಯ ತಾತ್ಪರ್ಯವೆಂದು ಹಲವರು ಹೇಳುತ್ತಾರೆ. ಪಾಳಿ ವಾಕ್ಯವನ್ನು ನಿಧಾನವಾಗಿ ಓದಿದರೆ ಬೇರೊಂದು ಅರ್ಥವೂ ಕಾಣುತ್ತದೆ, ನನಗೆ ಅದೇ ಹೆಚ್ಚು ಸರಿ ಅನ್ನಿಸುತ್ತದೆ. ಮೊದಲರ್ಧದಲ್ಲಿ ತಾಯಿ ಕಾಯುವುದು ಮಗನನ್ನು. ಎರಡನೆಯ ಅರ್ಧದಲ್ಲಿ ಆ ಮಗನ ಜಾಗಕ್ಕೆ ಬರುವುದು ಜೀವಿಗಳಲ್ಲ, ‘ಮಾನಸಂ’, ಅಂದರೆ ಮನಸ್ಸು. ಜೀವಿಗಳ ಬಗ್ಗೆ ಎಲ್ಲೆಯಿಲ್ಲದೆ ಹರಡಿಕೊಳ್ಳುವ ಆ ಮೈತ್ರಿಯ ಮನಸ್ಸೇ ಇಲ್ಲಿ ಒಬ್ಬನೇ ಮಗ. ಅದು ಕೈತಪ್ಪದಂತೆ ನೋಡಿಕೊಳ್ಳಬೇಕು.

ಅಟ್ಟಕಥೆ ಹೇಳುವ ಹಿನ್ನೆಲೆಯೂ ಇದಕ್ಕೆ ಹೊಂದುತ್ತದೆ. ಮಳೆಗಾಲದ ವಾಸಕ್ಕೆಂದು 500 ಭಿಕ್ಷುಗಳು ಹಿಮಾಲಯದ ತಪ್ಪಲಿನ ಕಾಡಿಗೆ ಹೋದರು. ಅಲ್ಲಿನ ವೃಕ್ಷದೇವತೆಗಳು ಭೀಕರ ರೂಪ ತೋರಿಸಿ, ದುರ್ನಾತ ಬೀರಿ ಅವರನ್ನು ಓಡಿಸಿದವು. ಭಿಕ್ಷುಗಳು ಬೇರೆ ಕಾಡಿನ ಆಸೆಯಿಂದ ಶ್ರಾವಸ್ತಿಗೆ ಬಂದರು. ಬುದ್ಧ ಈ ಸೂತ್ರವನ್ನು ಕಲಿಸಿ ಅದೇ ಕಾಡಿಗೆ ಮರಳಿ ಕಳಿಸಿದ. ಹೆದರಿಕೆಯ ಎದುರು ಮೊದಲು ಕಳೆದುಹೋಗುವುದು ಮೈತ್ರಿಯೇ ಅಲ್ಲವೇ?

ಹಾಗಾದರೆ ತಾಯಿಯ ಮಮತೆಯನ್ನೇ ಮಾದರಿಯಾಗಿ ಹಿಡಿದರೆ ತೊಡಕೇನು? 5ನೆಯ ಶತಮಾನದಲ್ಲಿ ಶ್ರೀಲಂಕಾದಲ್ಲಿದ್ದ ಬುದ್ಧಘೋಷ ತನ್ನ ‘ವಿಸುದ್ಧಿಮಗ್ಗ’ದಲ್ಲಿ ಮೈತ್ರಿಗೆ ಇಬ್ಬರು ಶತ್ರುಗಳೆನ್ನುತ್ತಾನೆ. ದ್ವೇಷ ದೂರದ ಶತ್ರು, ನೋಡಿದೊಡನೆ ಗುರುತು ಸಿಗುತ್ತದೆ. ರಾಗ, ಅಂದರೆ ಅಂಟು, ಪಕ್ಕದಲ್ಲೇ ಇರುವ ಶತ್ರು. ಅದೂ ಎದುರಿನವರಲ್ಲಿ ಒಳ್ಳೆಯದನ್ನೇ ಕಾಣುವುದರಿಂದ ಮೈತ್ರಿಯ ವೇಷದಲ್ಲಿ ಒಳಗೆ ನುಸುಳಿಬಿಡುತ್ತದೆ. ‘ನನ್ನವನು’ ಎಂಬ ಅಂಟಿಗೆ ಪಕ್ಕದ ಮನೆಯ ಮಗು ಹೊರಗಿನದು.

ಮೈತ್ರಿ ನಿಜಕ್ಕೂ ಎಲ್ಲೆ ದಾಟಿದೆಯೇ ಎಂದು ತಿಳಿಯಲು ಅವನೇ ಒಂದು ಪರೀಕ್ಷೆ ಕೊಡುತ್ತಾನೆ. ನೀವು, ನಿಮಗೆ ಬೇಕಾದವರೊಬ್ಬರು, ಬೇಕೂ ಬೇಡವೂ ಅಲ್ಲದವರೊಬ್ಬರು, ಆಗದವರೊಬ್ಬರು ಒಟ್ಟಿಗೆ ಕೂತಿದ್ದೀರಿ. ಕಳ್ಳರು ಬಂದು ಬಲಿಗೆ ಒಬ್ಬರನ್ನು ಕೊಡಿ ಅನ್ನುತ್ತಾರೆ. ಆಗದವನನ್ನು ತೋರಿಸಿದರೆ ಎಲ್ಲೆ ಉಳಿದೇ ಇದೆ. ‘ನನ್ನನ್ನು ಒಯ್ಯಿರಿ, ಇವರನ್ನು ಬಿಡಿ’ ಅಂದುಕೊಂಡರೂ ಅಷ್ಟೇ, ತನ್ನ ಕೇಡು ಬಯಸಿದಂತಾಯಿತು. ನಾಲ್ವರಲ್ಲಿ ಕೊಡತಕ್ಕವರು ಒಬ್ಬರೂ ಕಾಣದಿದ್ದಾಗ ಎಲ್ಲೆ ಮುರಿಯಿತು.

ತಾಯಿಯ ಚಿತ್ರದ ನಂತರ ಸೂತ್ರ ಮೈತ್ರಿಯನ್ನು ಮೇಲೆ, ಕೆಳಗೆ, ಅಡ್ಡಲಾಗಿ ಹರಡುತ್ತದೆ. ನಿಂತಾಗ, ನಡೆವಾಗ, ಕೂತಾಗ, ಮಲಗಿದಾಗ, ನಿದ್ದೆ ಕವಿಯುವ ತನಕವೂ ಅದು ಎಚ್ಚರವಿರಬೇಕು. ಕೊನೆಯ ಗಾಥೆಯಲ್ಲಿ ಆಸೆಯನ್ನೂ ಕಳಚಿಕೊಂಡ ಸಾಧಕ, ಮತ್ತೆ ಯಾವ ತಾಯಿಯ ಗರ್ಭಕ್ಕೂ ಮರಳುವುದಿಲ್ಲ.