ಓದಿದ್ದು ಗೈಡು, ಬರೆದದ್ದು ವೈಗಾಟ್ಸ್ಕಿ

ಸೋವಿಯತ್ ಮನೋವಿಜ್ಞಾನಿ ಲೆವ್ ವೈಗಾಟ್ಸ್ಕಿ ತೀರಿಕೊಂಡಿದ್ದು 1934ರಲ್ಲಿ. ಆದರೆ ನಮ್ಮ ಬಿ.ಇಡಿ. ಅಸೈನ್‌ಮೆಂಟ್‌ಗಳಲ್ಲಿ ಅವರು ಪ್ರತಿವರ್ಷ ತಪ್ಪದೆ ‘1978ರಲ್ಲಿ ಸಿದ್ಧಾಂತವನ್ನು ಮಂಡಿಸಿದರು’. ಜೊತೆಗೆ ‘ಸ್ಕ್ಯಾಫೋಲ್ಡಿಂಗ್ ಎಂಬ ಪರಿಕಲ್ಪನೆಯನ್ನೂ ನೀಡಿದರು’. ಎರಡೂ ತಪ್ಪು. 1978 ಎಂಬುದು ಅವರ ಬರಹಗಳನ್ನು ಆಯ್ದು ಇಂಗ್ಲಿಷಿಗೆ ತಂದ ‘ಮೈಂಡ್ ಇನ್ ಸೊಸೈಟಿ’ ಪುಸ್ತಕ ಪ್ರಕಟವಾದ ವರ್ಷ. ಸ್ಕ್ಯಾಫೋಲ್ಡಿಂಗ್ ಎಂಬ ಹೆಸರನ್ನು ಕಲಿಕೆಯ ನೆರವಿಗೆ ಇಟ್ಟವರು ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್, 1976ರ ಒಂದು ಪ್ರಬಂಧದಲ್ಲಿ.

ಒಂದು ಗೈಡಿನಲ್ಲಿ ಹೀಗೆ ಅಚ್ಚಾದ ತಪ್ಪು ಒಂದೇ ತರಗತಿಯ ಇಪ್ಪತ್ತು ಮೂವತ್ತು ಅಸೈನ್‌ಮೆಂಟ್‌ಗಳಲ್ಲಿ ಅದೇ ರೂಪದಲ್ಲಿ ಬರುತ್ತದೆ. ಮೌಲ್ಯಮಾಪಕರಿಗೆ ನಕಲು ಹಿಡಿಯಲು ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ. ಸರಿಯಾದ ಮಾತುಗಳು ಹಲವರಿಗೂ ಹೊಳೆದಾವು. ಆದರೆ ಒಂದೇ ತಪ್ಪು ಒಂದೇ ಪದಗಳಲ್ಲಿ ಇಪ್ಪತ್ತು ಜನರಿಗೆ ಹೊಳೆಯುವುದಿಲ್ಲ. ಇನ್ನೊಂದು ಸುಳಿವು ಕೊನೆಯ ಪುಟದಲ್ಲಿರುತ್ತದೆ: ‘ಪರಾಮರ್ಶನ ಗ್ರಂಥಗಳು’ ಎಂಬ ಶೀರ್ಷಿಕೆಯಡಿ ಹನ್ನೆರಡು ಪುಸ್ತಕಗಳು, ಆದರೆ ಒಳಗಿನ ಹದಿನೈದು ಪುಟಗಳಲ್ಲಿ ಅವುಗಳಲ್ಲಿ ಒಂದರ ಹೆಸರೂ ಇಲ್ಲ. ಆ ಪಟ್ಟಿಯೂ ಗೈಡಿನದೇ.

ಇದನ್ನು ಮೋಸ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಹಳಷ್ಟು ವಿದ್ಯಾರ್ಥಿಗಳು ಪ್ರಾಮಾಣಿಕವಾಗಿ ಕೂತು ಪದಗಳನ್ನು ಬದಲಿಸಿರುತ್ತಾರೆ, ಅಷ್ಟು ಮಾಡಿದರೆ ಸಾಕೆಂದು ನಂಬಿರುತ್ತಾರೆ. ಅವರು ಎಡವುವುದು ಎಲ್ಲಿ ಎಂಬುದನ್ನು ಒಂದು ಉದಾಹರಣೆಯಲ್ಲೇ ನೋಡೋಣ. ವಿಷಯ ವೈಗಾಟ್ಸ್ಕಿಯವರ ಸಮೀಪಸ್ಥ ವಿಕಾಸ ವಲಯ, ಅಂದರೆ ಕಾಲೇಜುಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಝಡ್‌ಪಿಡಿ.

ನಿಮ್ಮ ಮುಂದಿರುವ ಪುಸ್ತಕದಲ್ಲಿ ಇಂಥದೊಂದು ವಾಕ್ಯ ಇದೆ ಎಂದುಕೊಳ್ಳಿ: ‘ಮಗು ತಾನಾಗಿಯೇ ಸಾಧಿಸಬಲ್ಲ ಮಟ್ಟಕ್ಕೂ ಹಿರಿಯರ ಅಥವಾ ಹೆಚ್ಚು ಸಮರ್ಥರಾದ ಸಹಪಾಠಿಗಳ ನೆರವಿನಿಂದ ಸಾಧಿಸಬಲ್ಲ ಮಟ್ಟಕ್ಕೂ ನಡುವಿನ ಅಂತರವೇ ಸಮೀಪಸ್ಥ ವಿಕಾಸ ವಲಯ.’ ಅಸೈನ್‌ಮೆಂಟ್‌ನಲ್ಲಿ ಇದು ಹೀಗಾಗುತ್ತದೆ: ‘ಶಿಶು ಸ್ವತಂತ್ರವಾಗಿ ಗಳಿಸಬಲ್ಲ ಹಂತಕ್ಕೂ ದೊಡ್ಡವರ ಇಲ್ಲವೇ ಜಾಣ ಗೆಳೆಯರ ಸಹಾಯದಿಂದ ಗಳಿಸಬಲ್ಲ ಹಂತಕ್ಕೂ ಮಧ್ಯದ ವ್ಯತ್ಯಾಸವೇ ಸಮೀಪಸ್ಥ ವಿಕಾಸ ವಲಯ.’ ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿ. ಮಗು ಶಿಶುವಾಯಿತು, ಮಟ್ಟ ಹಂತವಾಯಿತು, ಅಂತರ ವ್ಯತ್ಯಾಸವಾಯಿತು. ವಾಕ್ಯದ ಕಟ್ಟು ಮಾತ್ರ ಅಲ್ಲಾಡಿಲ್ಲ. ಅಮೆರಿಕದ ಬರವಣಿಗೆ ಬೋಧಕಿ ರೆಬೆಕ್ಕಾ ಮೂರ್ ಹೋವರ್ಡ್ ಇಂಥದ್ದನ್ನು ಪ್ಯಾಚ್‌ರೈಟಿಂಗ್, ಅಂದರೆ ತೇಪೆ ಬರವಣಿಗೆ ಎಂದು ಕರೆದರು. ಕೆಳಗೆ ಮೂಲದ ಹೆಸರು ಹಾಕಿದರೂ ಇದು ದೋಷವೇ, ಏಕೆಂದರೆ ವಾಕ್ಯ ಇನ್ನೊಬ್ಬರದು, ಉದ್ಧರಣ ಚಿಹ್ನೆ ಇಲ್ಲ.

ಇನ್ನೂ ಒಂದು ನಷ್ಟ ಇದೆ. ‘ಸಮರ್ಥ ಸಹಪಾಠಿ’ ಎಂದರೆ ಆ ನಿರ್ದಿಷ್ಟ ಕೆಲಸವನ್ನು ಬಲ್ಲವನು. ‘ಜಾಣ ಗೆಳೆಯ’ ಎಂದಾಗ ಅದು ಒಟ್ಟಾರೆ ಬುದ್ಧಿವಂತನ ಮಾತಾಯಿತು. ಓದಿನಲ್ಲಿ ಹಿಂದಿರುವ ಹುಡುಗ ಹೊಲದ ಅಳತೆ ಲೆಕ್ಕದಲ್ಲಿ ಇಡೀ ತರಗತಿಗೆ ನೆರವಾಗಬಲ್ಲ. ಪದ ಬದಲಿಸುವ ಭರದಲ್ಲಿ ಸಿದ್ಧಾಂತವೇ ಬದಲಾಯಿತು.

ಹಾಗಾದರೆ ಸ್ವಂತ ಮಾತಿನಲ್ಲಿ ಬರೆಯುವುದು ಹೇಗೆ? ಕೆಲಸ ಶುರುವಾಗುವುದು ಟಿಪ್ಪಣಿ ಪುಸ್ತಕದಲ್ಲಿ. ಹಾಳೆಯ ತಲೆಯಲ್ಲಿ ಮೊದಲು ಪುಸ್ತಕದ ಪೂರ್ಣ ವಿವರ ಬರೆದುಕೊಳ್ಳಿ: ಲೇಖಕರು, ವರ್ಷ, ಶೀರ್ಷಿಕೆ, ಪ್ರಕಾಶಕರು. ಭಾಗವನ್ನು ಎರಡು ಸಲ ಓದಿ, ಪುಸ್ತಕ ಮುಚ್ಚಿಡಿ. ಈಗ ಅದನ್ನು ಓದದ ಗೆಳತಿಗೆ ಹೇಳುವಂತೆ ಬರೆಯಿರಿ, ಪಕ್ಕದಲ್ಲಿ ಪುಟಸಂಖ್ಯೆ ಹಾಕಿ. ಆಮೇಲೆ ಪುಸ್ತಕ ತೆರೆದು ಎರಡನ್ನು ಮಾತ್ರ ತಾಳೆ ನೋಡಿ: ಅರ್ಥ ಜಾರಿದೆಯೇ, ಮೂಲದ ಪದಸರಣಿ ನುಸುಳಿದೆಯೇ. ಯಾವುದಾದರೂ ವಾಕ್ಯವನ್ನು ಇದ್ದಂತೆಯೇ ಬರೆದುಕೊಂಡಿದ್ದರೆ ಆಗಲೇ ಉದ್ಧರಣ ಚಿಹ್ನೆ ಹಾಕಿಡಿ. ಮೂರು ವಾರ ಕಳೆದ ಮೇಲೆ ಟಿಪ್ಪಣಿಯಲ್ಲಿ ನಿಮ್ಮ ವಾಕ್ಯ ಯಾವುದು, ಪುಸ್ತಕದ್ದು ಯಾವುದು ಎಂದು ನಿಮಗೇ ತಿಳಿಯುವುದಿಲ್ಲ. ಉದ್ದೇಶವಿಲ್ಲದ ಕೃತಿಚೌರ್ಯ ಹೆಚ್ಚಾಗಿ ಹುಟ್ಟುವುದು ಹೀಗೆ.

‘ಮೈಂಡ್ ಇನ್ ಸೊಸೈಟಿ’ಯಲ್ಲಿ ಈ ವಲಯದ ಬಗ್ಗೆ ವೈಗಾಟ್ಸ್ಕಿ ಬರೆದ ಪುಟಗಳನ್ನು ತೆರೆದರೆ ಗೈಡಿನಲ್ಲಿಲ್ಲದ ಒಂದು ಉದಾಹರಣೆ ಸಿಗುತ್ತದೆ. ಹತ್ತು ವರ್ಷದ ಇಬ್ಬರು ಮಕ್ಕಳು, ಇಬ್ಬರೂ ತಾವಾಗಿ ಬಿಡಿಸುವುದು ಎಂಟು ವರ್ಷದವರ ಮಟ್ಟದ ಲೆಕ್ಕಗಳನ್ನು. ನೆರವು ಕೊಟ್ಟಾಗ ಒಂದು ಮಗು ಹನ್ನೆರಡರ ಮಟ್ಟಕ್ಕೆ ಹೋಗುತ್ತದೆ, ಇನ್ನೊಂದು ಒಂಬತ್ತಕ್ಕೆ ನಿಲ್ಲುತ್ತದೆ. ಇದನ್ನು ಓದಿದವರು ವ್ಯಾಖ್ಯೆಯ ಹಂಗಿಲ್ಲದೆ ಹೀಗೆ ಬರೆಯಬಹುದು:

‘ಪರೀಕ್ಷೆಯಲ್ಲಿ ಇಬ್ಬರು ಮಕ್ಕಳು ಒಂದೇ ಅಂಕ ಪಡೆದ ಮಾತ್ರಕ್ಕೆ ಇಬ್ಬರ ಕಲಿಕೆಯೂ ಒಂದೇ ಕಡೆ ಇದೆ ಎನ್ನಲಾಗದು. ನೆರವು ಸಿಕ್ಕಾಗ ಯಾರು ಎಷ್ಟು ದೂರ ಹೋಗಬಲ್ಲರು ಎಂಬುದನ್ನೂ ಅಳೆಯಬೇಕು, ಆ ಮುಂದಿನ ಹರವೇ ಸಮೀಪಸ್ಥ ವಿಕಾಸ ವಲಯ (ವೈಗಾಟ್ಸ್ಕಿ, 1978, ಪು. 85–86). ನಮ್ಮ ಅಭ್ಯಾಸ ಬೋಧನೆಯ ಏಳನೇ ತರಗತಿಯಲ್ಲಿ ಭಿನ್ನರಾಶಿ ಕೂಡಲಾಗದ ಇಬ್ಬರಿಗೆ ಮಡಚಿದ ಕಾಗದದ ಪಟ್ಟಿ ಕೊಟ್ಟಾಗ ಒಬ್ಬಳು ಮಾತ್ರ ಛೇದ ಸಮ ಮಾಡಬೇಕೆಂದು ಕಂಡುಕೊಂಡಳು.’

ಇಲ್ಲಿ ಆವರಣ ಬಿದ್ದಿರುವ ಜಾಗ ನೋಡಿ. ವೈಗಾಟ್ಸ್ಕಿಯವರ ಮಾತು ಮುಗಿದಲ್ಲೇ ಅದು ಬಿದ್ದಿದೆ. ಕಾಗದದ ಪಟ್ಟಿಯ ಸಂಗತಿ ವಿದ್ಯಾರ್ಥಿಯದು, ಅದಕ್ಕೆ ಉಲ್ಲೇಖ ಬೇಡ. ಇಡೀ ಪುಟ ಬರೆದು ಕಟ್ಟಕಡೆಗೆ ಒಂದು ಆವರಣ ಹಾಕಿದರೆ ಎಲ್ಲಿಯವರೆಗೆ ಎರವಲು, ಎಲ್ಲಿಂದ ಸ್ವಂತ ಎಂದು ಓದುವವರಿಗೆ ತಿಳಿಯುವುದಿಲ್ಲ. ನಷ್ಟ ಬರೆದವರಿಗೇ, ಅವರ ಸ್ವಂತ ಯೋಚನೆಯೂ ಪುಸ್ತಕದ ಖಾತೆಗೆ ಹೋಗುತ್ತದೆ. ನಾನಿಲ್ಲಿ ಬಳಸಿರುವುದು ಎಪಿಎ ಕ್ರಮ, ಅಂದರೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನದು. ಶಿಕ್ಷಣ ವಿಭಾಗಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಭಾವ ಮಾತ್ರ ತೆಗೆದುಕೊಂಡಾಗ ಲೇಖಕ ಮತ್ತು ವರ್ಷ ಸಾಕು, ಪುಟಸಂಖ್ಯೆ ಕೊಟ್ಟರೆ ಒಳ್ಳೆಯದು. ಮಾತನ್ನು ಇದ್ದಂತೆಯೇ ತೆಗೆದುಕೊಂಡರೆ ಪುಟಸಂಖ್ಯೆ ಕಡ್ಡಾಯ.

ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಇಂಗ್ಲಿಷ್ ಪುಸ್ತಕದ ಒಂದು ಪ್ಯಾರಾವನ್ನು ಕನ್ನಡಕ್ಕೆ ತಂದರೆ ಪದಗಳೆಲ್ಲ ನಿಮ್ಮವೇ, ನಿಜ. ವಿಚಾರ ಮಾತ್ರ ನಿಮ್ಮದಲ್ಲ. ನೀವೇ ಮಾಡಿದ ಅನುವಾದವನ್ನು ಎಪಿಎ ಭಾವಸಂಗ್ರಹದಂತೆ ಪರಿಗಣಿಸುತ್ತದೆ: ಉದ್ಧರಣ ಚಿಹ್ನೆ ಬೇಡ, ಮೂಲದ ಉಲ್ಲೇಖ ಬೇಕೇ ಬೇಕು.

ಈಗ ಕಷ್ಟದ ಪ್ರಶ್ನೆ. ‘ಮೈಂಡ್ ಇನ್ ಸೊಸೈಟಿ’ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿಲ್ಲ, ನೀವು ಓದಿದ್ದು ಗೈಡನ್ನೇ. ಆಗ ‘(ವೈಗಾಟ್ಸ್ಕಿ, 1978)’ ಎಂದು ಬರೆದರೆ ಓದದ ಪುಸ್ತಕ ಓದಿದೆ ಎಂದಂತಾಯಿತು. ಇದಕ್ಕೆ ದಾರಿ ಇದೆ. ಆವರಣದಲ್ಲಿ ವೈಗಾಟ್ಸ್ಕಿಯವರ ಹೆಸರು, ವರ್ಷ, ಆಮೇಲೆ ‘ಇವರಲ್ಲಿ ಉಲ್ಲೇಖಿತ’ ಎಂದು ಗೈಡಿನ ಲೇಖಕರ ಹೆಸರು ಮತ್ತು ಅದರ ವರ್ಷ ಬರೆಯಿರಿ. ಕೊನೆಯ ಪಟ್ಟಿಯಲ್ಲಿ ಗೈಡು ಮಾತ್ರ ಬರಬೇಕು, ವೈಗಾಟ್ಸ್ಕಿ ಬರಬಾರದು. ಗೈಡಿನ ಹೆಸರು ಹಾಕಲು ವಿದ್ಯಾರ್ಥಿಗಳಿಗೆ ಸಂಕೋಚ. ಆದರೆ ಗೈಡು ಹೇಳಿದ್ದು ತಪ್ಪಾದರೆ ಆ ತಪ್ಪು ಗೈಡಿನ ತಲೆಗೇ ಹೋಗುತ್ತದೆ, ನಿಮ್ಮ ತಲೆಗೆ ಬರುವುದಿಲ್ಲ. ಸ್ಕ್ಯಾಫೋಲ್ಡಿಂಗ್ ವೈಗಾಟ್ಸ್ಕಿಯವರದು ಎಂಬ ತಪ್ಪು ಇಷ್ಟು ವರ್ಷ ಉಳಿದಿರುವುದಕ್ಕೆ ಈ ಸಂಕೋಚದ ಪಾಲೂ ಇದೆ.

ಇನ್ನು ಕೊನೆಯ ಪಟ್ಟಿ. ಪುಸ್ತಕಕ್ಕೆ ಒಂದು, ನಿಯತಕಾಲಿಕದ ಪ್ರಬಂಧಕ್ಕೆ ಒಂದು, ಹೀಗೆ ಎರಡು ಮಾದರಿ ಕೈಗೆ ಹತ್ತಿದರೆ ಬಹುತೇಕ ಕೆಲಸ ಮುಗಿಯಿತು:

ವೈಗಾಟ್ಸ್ಕಿ, ಎಲ್. ಎಸ್. (1978). ಮೈಂಡ್ ಇನ್ ಸೊಸೈಟಿ: ದ ಡೆವಲಪ್‌ಮೆಂಟ್ ಆಫ್ ಹೈಯರ್ ಸೈಕಲಾಜಿಕಲ್ ಪ್ರೊಸೆಸಸ್. ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್.

ವುಡ್, ಡಿ., ಬ್ರೂನರ್, ಜೆ. ಎಸ್., ಮತ್ತು ರಾಸ್, ಜಿ. (1976). ದ ರೋಲ್ ಆಫ್ ಟ್ಯೂಟರಿಂಗ್ ಇನ್ ಪ್ರಾಬ್ಲಮ್ ಸಾಲ್ವಿಂಗ್. ಜರ್ನಲ್ ಆಫ್ ಚೈಲ್ಡ್ ಸೈಕಾಲಜಿ ಅಂಡ್ ಸೈಕಿಯಾಟ್ರಿ, 17(2), 89–100.

ಪುಸ್ತಕದಲ್ಲಿ ಪುಸ್ತಕದ ಹೆಸರು ಓರೆ ಅಕ್ಷರದಲ್ಲಿ. ಪ್ರಬಂಧದಲ್ಲಿ ಓರೆಯಾಗುವುದು ಪತ್ರಿಕೆಯ ಹೆಸರು ಮತ್ತು ಸಂಪುಟ ಸಂಖ್ಯೆ, ಪ್ರಬಂಧದ ಶೀರ್ಷಿಕೆ ಅಲ್ಲ. ಕೈಬರಹವಾದರೆ ಆ ಭಾಗಕ್ಕೆ ಅಡಿಗೆರೆ ಎಳೆಯಿರಿ. ಮೂವರು ಅಥವಾ ಹೆಚ್ಚು ಲೇಖಕರಿದ್ದರೆ ಬರಹದೊಳಗೆ ಮೊದಲ ಸಲವೇ ‘ವುಡ್ ಮತ್ತು ಇತರರು, 1976’ ಎಂದರೆ ಸಾಕು. ಪ್ರಕಾಶನದ ಊರು ಬರೆಯುವ ಪದ್ಧತಿಯನ್ನು 2019ರಲ್ಲಿ ಬಂದ ಎಪಿಎ ಏಳನೆಯ ಆವೃತ್ತಿ ಕೈಬಿಟ್ಟಿದೆ, ಹಳೆಯ ಗೈಡುಗಳಲ್ಲಿ ಅದಿನ್ನೂ ಇದೆ. ಎನ್‌ಸಿಇಆರ್‌ಟಿಯ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಂಥ ದಾಖಲೆಗೆ ಲೇಖಕನೂ ಪ್ರಕಾಶಕನೂ ಎನ್‌ಸಿಇಆರ್‌ಟಿಯೇ. ಹೆಸರನ್ನು ಲೇಖಕನ ಜಾಗದಲ್ಲಿ ಒಮ್ಮೆ ಬರೆದರೆ ಮುಗಿಯಿತು. ನಮ್ಮ ಹೆಸರುಗಳಲ್ಲಿ ಇನಿಷಿಯಲ್ ಮುಂದೆ ಬರುವುದರಿಂದ ಅದನ್ನು ಹಿಂದಕ್ಕೆ ತನ್ನಿ. ಕನ್ನಡ ಪಟ್ಟಿಯನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ, ಇಂಗ್ಲಿಷ್ ಪುಸ್ತಕಗಳನ್ನು ಬೇರೆಯಾಗಿ ಕೊಡಬೇಕೇ ಎಂದು ಮೇಷ್ಟ್ರನ್ನು ಕೇಳಿಕೊಳ್ಳಿ.

‘ಶೇಕಡ ಹತ್ತರವರೆಗೆ ಪರವಾಗಿಲ್ಲವಂತೆ ಸಾರ್’ ಎಂಬ ಮಾತು ಕಾಲೇಜುಗಳಲ್ಲಿ ಓಡಾಡುತ್ತಿದೆ. ಅದು ಯುಜಿಸಿಯ 2018ರ ನಿಯಮಾವಳಿಯಿಂದ ಬಂದದ್ದು. ಆದರೆ ಆ ನಿಯಮಾವಳಿ ಇರುವುದು ಸ್ನಾತಕೋತ್ತರ ಮತ್ತು ಸಂಶೋಧನಾ ಪದವಿಯ ಪ್ರಬಂಧಗಳು, ಪ್ರಕಟಣೆಗಳಿಗೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಉತ್ತರಪತ್ರಿಕೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೆಸರಿಸಿಯೇ ಹೊರಗಿಟ್ಟಿದೆ. ಹಾಗಾಗಿ ನಿಮಗೆ ಅಲ್ಲಿನ ದಂಡವೂ ಇಲ್ಲ, ರಿಯಾಯಿತಿಯೂ ಇಲ್ಲ. ಲೆಕ್ಕಕ್ಕೆ ಬರುವುದು ಆಂತರಿಕ ಅಂಕ ಕೊಡುವವರ ತೀರ್ಮಾನ. ಸಾಫ್ಟ್‌ವೇರ್ ತೋರಿಸುವ ಶೇಕಡಾವಾರು ಕೂಡ ಹೋಲಿಕೆಯ ಅಳತೆಯಷ್ಟೇ. ಸರಿಯಾಗಿ ಉದ್ಧರಿಸಿದ ಮಾತೂ ಅದರಲ್ಲಿ ಸೇರೀತು, ಇಂಗ್ಲಿಷಿನಿಂದ ಇಡಿಯಾಗಿ ಅನುವಾದಿಸಿ ಕದ್ದದ್ದು ಅದರ ಕಣ್ಣಿಗೆ ಬೀಳದೆಯೂ ಹೋದೀತು. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನಂತೂ ಯಂತ್ರ ಕನ್ನಡವೆಂದೇ ಓದುವುದಿಲ್ಲ.

ಎಲ್ಲಕ್ಕೂ ಉಲ್ಲೇಖ ಬೇಕೇ ಎಂದು ಕೇಳುವವರಿದ್ದಾರೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ, ಬೇಡ. ಆ ಕಾಯ್ದೆಯಿಂದ ಶಾಲೆ ಬಿಡುವವರ ಸಂಖ್ಯೆ ಇಳಿಯಿತೋ ಇಲ್ಲವೋ ಎಂದರೆ ಅದು ಯಾರದೋ ಅಧ್ಯಯನದ ಫಲ, ಬೇಕು. ಅನುಮಾನ ಬಂದರೆ ಕೊಟ್ಟುಬಿಡಿ, ಹೆಚ್ಚಾದ ಉಲ್ಲೇಖಕ್ಕೆ ಯಾರೂ ಕೃತಿಚೌರ್ಯದ ಆರೋಪ ಹೊರಿಸುವುದಿಲ್ಲ.

ಅಸೈನ್‌ಮೆಂಟ್ ಒಪ್ಪಿಸುವ ಹಿಂದಿನ ದಿನ ಅರ್ಧ ಗಂಟೆ ಉಳಿಸಿಕೊಳ್ಳಿ. ಪೆನ್ಸಿಲ್ ಹಿಡಿದು ಮೊದಲ ಪುಟದಿಂದ ಓದುತ್ತ ಬನ್ನಿ, ಆವರಣದಲ್ಲಿ ಹೆಸರು ಸಿಕ್ಕಾಗಲೆಲ್ಲ ಕೊನೆಯ ಪಟ್ಟಿಯಲ್ಲಿ ಅದರ ಮುಂದೆ ಒಂದು ಗುರುತು ಹಾಕಿ. ಪಟ್ಟಿಯಲ್ಲಿ ಇಲ್ಲದ ಹೆಸರು ಸಿಕ್ಕರೆ ಸೇರಿಸಿ. ಕೊನೆಗೆ ಗುರುತು ಬೀಳದೆ ಉಳಿದ ಪುಸ್ತಕಗಳನ್ನು, ಅವೆಷ್ಟೇ ದೊಡ್ಡ ಹೆಸರಿನವಾದರೂ, ಹೊಡೆದುಹಾಕಿ. ಹನ್ನೆರಡು ಪುಸ್ತಕಗಳ ಪಟ್ಟಿ ನಾಲ್ಕಕ್ಕೆ ಇಳಿದರೂ ಅಂಕ ಇಳಿಯುವುದಿಲ್ಲ.