ಮೂವತ್ತೇಳು ಡೆಸಿಬಲ್ ಬಂತು, ಒತ್ತು ಹೋಯಿತು

ಮಸುಕಾದ ಹಳೆಯ ಪುಟವನ್ನು ಸ್ಕ್ಯಾನ್ ಮಾಡಿ ಸ್ಫುಟಗೊಳಿಸುವ ಸಾಫ್ಟ್‌ವೇರುಗಳು ಹಲವು ಇವೆ. ಯಾವುದು ಮೇಲು ಎಂದು ತೀರ್ಮಾನಿಸಲು ಚೆನ್ನಾಗಿರುವ ಒಂದು ಪುಟವನ್ನು ತೆಗೆದುಕೊಂಡು, ಅದನ್ನು ಬೇಕೆಂದೇ ಕೆಡಿಸಿ, ಸಾಫ್ಟ್‌ವೇರಿನಿಂದ ಸರಿಮಾಡಿಸಿ, ಬಂದ ಫಲಿತಾಂಶವನ್ನು ಮೂಲದೊಂದಿಗೆ ಹೋಲಿಸುತ್ತಾರೆ. ಹೋಲಿಕೆಗೆ ಹೆಚ್ಚಾಗಿ ಬಳಸುವ ಅಳತೆಗಳು ಎರಡು: ಪಿಎಸ್‌ಎನ್‌ಆರ್ ಮತ್ತು ಎಸ್‌ಎಸ್‌ಐಎಂ.

ಪಿಎಸ್‌ಎನ್‌ಆರ್ ಲೆಕ್ಕ ಸರಳ. ಕಪ್ಪುಬಿಳುಪು ಚಿತ್ರದ ಪ್ರತಿ ಪಿಕ್ಸೆಲ್‌ಗೂ 0ಯಿಂದ 255ರವರೆಗಿನ ಒಂದು ಬೆಲೆ ಇರುತ್ತದೆ. ಎರಡು ಚಿತ್ರಗಳ ಬೆಲೆಗಳ ನಡುವಿನ ವ್ಯತ್ಯಾಸವನ್ನು ಪಿಕ್ಸೆಲ್ ಪಿಕ್ಸೆಲ್‌ಗೂ ವರ್ಗ ಮಾಡಿ, ಎಲ್ಲದರ ಸರಾಸರಿ ತೆಗೆದು, 255ರ ವರ್ಗವನ್ನು ಅದರಿಂದ ಭಾಗಿಸಿ, ಡೆಸಿಬಲ್‌ಗೆ ತರುತ್ತಾರೆ. ಅಂಕಿ ದೊಡ್ಡದಾದಷ್ಟೂ ಮೂಲಕ್ಕೆ ಹತ್ತಿರ.

ಸಾವಿರ ಪಿಕ್ಸೆಲ್ ಉದ್ದ, ಸಾವಿರ ಪಿಕ್ಸೆಲ್ ಅಗಲದ ಒಂದು ಪುಟ ಇದೆ ಎನ್ನೋಣ. ಕಾಗದದ ಬೆಲೆ 220, ಮಸಿಯದು 30. ಮೊದಲ ಸಾಫ್ಟ್‌ವೇರ್ ಇಡೀ ಪುಟವನ್ನು 8 ಅಂಕದಷ್ಟು ಬೆಳಗಿಸಿತು. ಅಕ್ಷರಗಳೆಲ್ಲ ಹಾಗೇ ಉಳಿದವು. ಸರಾಸರಿ ವರ್ಗ 64, ಪಿಎಸ್‌ಎನ್‌ಆರ್ ಸುಮಾರು 30 ಡೆಸಿಬಲ್. ಎರಡನೆಯದು ಎಲ್ಲವನ್ನೂ ಮೂಲದಂತೆಯೇ ಕೊಟ್ಟಿತು, ಆದರೆ ‘ಹಳ್ಳಿ’ಯ ಒತ್ತನ್ನು ಕಲೆಯೆಂದು ತಿಳಿದು ಒರೆಸಿಹಾಕಿತು. ಓದುವವನಿಗೆ ಸಿಕ್ಕಿದ್ದು ‘ಹಳಿ’. ಆ ಒತ್ತು ಸುಮಾರು 300 ಪಿಕ್ಸೆಲ್‌ನಷ್ಟಿತ್ತು ಎಂದುಕೊಂಡರೆ, ಒಂದೊಂದರಲ್ಲೂ 190ರ ವ್ಯತ್ಯಾಸ. ಅದು ಹತ್ತು ಲಕ್ಷ ಪಿಕ್ಸೆಲ್‌ಗಳಿಗೆ ಹಂಚಿಹೋಗಿ ಸರಾಸರಿ 11ಕ್ಕೂ ಕೆಳಗಿಳಿಯುತ್ತದೆ. ಪಿಎಸ್‌ಎನ್‌ಆರ್ 37.8 ಡೆಸಿಬಲ್! ಅರ್ಥ ಕೆಡಿಸಿದ್ದೇ ಭಾರೀ ಅಂತರದಲ್ಲಿ ಗೆದ್ದಿತು.

ತಪ್ಪು ಲೆಕ್ಕದ್ದಲ್ಲ, ಸರಾಸರಿಯದು. ಆ ಒತ್ತಿನ ಸುತ್ತ 40 ಪಿಕ್ಸೆಲ್ ಚೌಕವನ್ನು ಮಾತ್ರ ಕತ್ತರಿಸಿ ಅದೇ ಲೆಕ್ಕ ಹಾಕಿದರೆ ಪಿಎಸ್‌ಎನ್‌ಆರ್ 10 ಡೆಸಿಬಲ್‌ಗೂ ಕೆಳಗೆ ಬೀಳುತ್ತದೆ. ಎಲ್ಲಿ ಕತ್ತರಿಸಬೇಕೆಂದು ಗೊತ್ತಾಗಬೇಕಾದರೆ ಯಾರಾದರೂ ಮೊದಲು ಪುಟವನ್ನು ನೋಡಿರಬೇಕು.

ಈ ಕೊರತೆಯನ್ನು ತುಂಬಲೆಂದೇ ಝೌ ವಾಂಗ್, ಅಲನ್ ಬೋವಿಕ್ ಮತ್ತು ಸಂಗಡಿಗರು 2004ರಲ್ಲಿ ಎಸ್‌ಎಸ್‌ಐಎಂ ಕುರಿತ ಪ್ರಬಂಧ ಪ್ರಕಟಿಸಿದರು. ಅದರಲ್ಲಿ ದೋಣಿಯ ಒಂದೇ ಚಿತ್ರವನ್ನು ಬೇರೆಬೇರೆ ರೀತಿಯಲ್ಲಿ ಕೆಡಿಸಿ ತೋರಿಸಿದ್ದಾರೆ. ಎಲ್ಲದರಲ್ಲೂ ಸರಾಸರಿ ವರ್ಗ 210, ಅಂದರೆ ಪಿಎಸ್‌ಎನ್‌ಆರ್ ಪ್ರಕಾರ ಎಲ್ಲವೂ ಸರಿಸಮ. ಬೆಳಕಷ್ಟೇ ಬದಲಾದ ಚಿತ್ರ ಕಣ್ಣಿಗೆ ಚೆನ್ನಾಗಿಯೇ ಇದೆ. ಮಬ್ಬಾದದ್ದು ಎದ್ದು ಕಾಣುವಷ್ಟು ಹಾಳಾಗಿದೆ. ಎಸ್‌ಎಸ್‌ಐಎಂ ಮೊದಲನೆಯದಕ್ಕೆ 0.99, ಎರಡನೆಯದಕ್ಕೆ 0.70 ಕೊಟ್ಟಿತು. ಪುಟ್ಟ ಕಿಟಕಿಯೊಂದನ್ನು ಚಿತ್ರದ ಮೇಲೆ ಸರಿಸುತ್ತ, ಪ್ರತಿ ಜಾಗದಲ್ಲೂ ಬೆಳಕು, ಕಾಂಟ್ರಾಸ್ಟ್, ವಿನ್ಯಾಸ ಈ ಮೂರೂ ಹೊಂದುತ್ತವೆಯೇ ಎಂದು ನೋಡುವುದು ಅದರ ಕ್ರಮ. ನಿಜಕ್ಕೂ ದೊಡ್ಡ ಸುಧಾರಣೆ ಇದು.

ಆದರೆ ಕೊನೆಯಲ್ಲಿ ಅದೂ ಎಲ್ಲ ಕಿಟಕಿಗಳ ಸರಾಸರಿಯನ್ನೇ ತೆಗೆಯುತ್ತದೆ. ನಮ್ಮ ಒತ್ತು ಬರುವುದು ಹತ್ತು ಲಕ್ಷ ಕಿಟಕಿಗಳಲ್ಲಿ ಸಾವಿರದಷ್ಟರಲ್ಲಿ ಮಾತ್ರ. ಹೀಗಾಗಿ ಬೆಳಗಿದ ಪುಟಕ್ಕೂ ಒತ್ತು ಕಳೆದುಕೊಂಡ ಪುಟಕ್ಕೂ 0.99ಕ್ಕಿಂತ ಹೆಚ್ಚೇ ಸಿಗುತ್ತದೆ. ಎಸ್‌ಎಸ್‌ಐಎಂ ಅನ್ನು ಒಂದೇ ಅಂಕಿಯಾಗಿ ನೋಡದೆ, ಕಿಟಕಿವಾರು ಬೆಲೆಗಳನ್ನು ನಕ್ಷೆಯಾಗಿ ಬಿಡಿಸಿಕೊಂಡರೆ ಒತ್ತಿದ್ದ ಜಾಗದಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ಆ ನಕ್ಷೆಯನ್ನು ತೆರೆದು ನೋಡುವವರು ಕಡಿಮೆ. ನೋಡಲೇಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ತೊಡಕೂ ಇದೆ. ಮೂಲವೇ ಮಸುಕಾಗಿದ್ದು, ಅದರ ಶುದ್ಧ ಪ್ರತಿ ಎಲ್ಲೂ ಇಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ? ಮಸುಕು ಚಿತ್ರಕ್ಕೇ ಹೋಲಿಸಿದರೆ, ಏನೂ ಮಾಡದೆ ಹಾಗೇ ಹಿಂದಿರುಗಿಸಿದ ಸಾಫ್ಟ್‌ವೇರಿಗೆ ಪೂರ್ಣಾಂಕ. ಮಾಡಿದ ಪ್ರತಿ ಸುಧಾರಣೆಯೂ ಅಲ್ಲಿ ತಪ್ಪಾಗಿಯೇ ಎಣಿಕೆಯಾಗುತ್ತದೆ.

ಹಾಗೆಂದು ಕಣ್ಣನ್ನು ಕುರುಡಾಗಿ ನಂಬುವಂತಿಲ್ಲ. ಅಕ್ಕಪಕ್ಕ ಇಟ್ಟಾಗ ಹೆಚ್ಚು ಬೆಳಗಿದ, ಅಂಚು ಚೂಪಾದ ಚಿತ್ರದ ಕಡೆಗೇ ಮನಸ್ಸು ವಾಲುತ್ತದೆ. ಆದ್ದರಿಂದ ಮೊದಲು ಎರಡರ ಬೆಳಕನ್ನೂ ಸಮ ಮಾಡಿಕೊಳ್ಳಬೇಕು. ಯಾವುದು ಯಾವ ಸಾಫ್ಟ್‌ವೇರಿನದೆಂದು ನೋಡುವವರಿಗೆ ತಿಳಿಯಬಾರದು. ಪರದೆಯಲ್ಲಿ ಚಿತ್ರ ಶೇ. 100ರ ಗಾತ್ರದಲ್ಲಿರಬೇಕು, ಕುಗ್ಗಿಸಿದರೆ ಸಣ್ಣ ತಪ್ಪುಗಳು ಅಲ್ಲೇ ಅಡಗುತ್ತವೆ. ಪಕ್ಕಪಕ್ಕ ನೋಡಿದ ಮೇಲೆ ಎರಡನ್ನೂ ಒಂದೇ ಜಾಗದಲ್ಲಿಟ್ಟು ಒಂದಾದ ಮೇಲೊಂದರಂತೆ ಬದಲಿಸುತ್ತ ನೋಡಬೇಕು. ದೃಷ್ಟಿ ಅತ್ತಿತ್ತ ಓಡುವಾಗ ತಪ್ಪಿಹೋದ ಒತ್ತು, ಹೀಗೆ ಬದಲಿಸಿದಾಗ ಮಿಣುಕುತ್ತದೆ.

ಅಕ್ಷರವೇ ಮುಖ್ಯವಾದ ಪುಟದಲ್ಲಿ ಇನ್ನೂ ಒಂದು ಕೆಲಸ ಉಳಿಯುತ್ತದೆ: ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಫಲಿತಾಂಶದ ಮೇಲೆ ಬೆರಳಿಟ್ಟು ಪದಪದವನ್ನೂ ತಾಳೆ ನೋಡುವುದು. ‘ಹಳಿ’ ಎಂದಿರುವಲ್ಲಿ ಬೆರಳು ನಿಂತರೆ, ಆ ಜಾಗವನ್ನು ಗುರುತುಮಾಡಿ, ಅಷ್ಟು ಭಾಗದ ಪಿಎಸ್‌ಎನ್‌ಆರ್ ಅನ್ನು ಬೇರೆಯಾಗಿ ತೆಗೆದು ಇಡೀ ಪುಟದ ಅಂಕಿಯ ಪಕ್ಕದಲ್ಲೇ ವರದಿಯಲ್ಲಿ ಬರೆಯಬೇಕು.